ಫ್ಯಾಟ್ ಇಳಿದಿದೆ, ದುಡ್ಡು ತಾಳೆ ಆಗ್ತಿಲ್ಲ: ಡೇರಿ ಲೆಕ್ಕದಲ್ಲಿ ತಪ್ಪು ಹುಡುಕುವುದು ಹೇಗೆ

ಊರಿನ ಹಾಲಿನ ಡೇರಿಯಲ್ಲಿ ಗಲಾಟೆ ಆಗುವುದು ಎರಡು ದಿನ. ಒಂದು ಫ್ಯಾಟ್ ಇಳಿದ ದಿನ, ಇನ್ನೊಂದು ಬಟವಾಡೆ ದಿನ. ನಾನು ಕೆಲವು ವರ್ಷ ಒಂದು ಸಣ್ಣ ಸಂಘದ ಲೆಕ್ಕ ನೋಡಿಕೊಂಡವನು. ಬೆಳಿಗ್ಗೆ ಹಾಲು ಅಳೆದು, ಮಧ್ಯಾಹ್ನ ಕಂಪ್ಯೂಟರ್ ಮುಂದೆ ಕೂತು, ಸಂಜೆ ಮತ್ತೆ ಹಾಲು ಅಳೆಯುವ ಕೆಲಸ. ಬೈಸಿಕೊಂಡೂ ಇದ್ದೇನೆ, ನನ್ನದೇ ತಪ್ಪು ಅಂತ ಗೊತ್ತಾಗಿ ತೆಪ್ಪಗಾಗಿಯೂ ಇದ್ದೇನೆ. ಕರ್ನಾಟಕದ ಹಳ್ಳಿ ಸಂಘಗಳಲ್ಲಿ ಹಸುವಿನ ಹಾಲು ಹಿಡಿಯುವ, ಮಷೀನಿನಲ್ಲಿ ಫ್ಯಾಟ್ ನೋಡುವ ಕಡೆಗೆ ಹೊಂದುವ ಹಾಗೆ ಇದನ್ನು ಬರೆಯುತ್ತಿದ್ದೇನೆ.

ಯಾರೇ ದೂರು ತಂದರೂ ಮಷೀನ್ ಮುಟ್ಟುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ಇದು ಒಬ್ಬರದೋ, ಎಲ್ಲರದೋ? ಒಂದು ಹೊತ್ತಿನದೋ, ಎಲ್ಲ ಹೊತ್ತಿನದೋ? ಒಬ್ಬರದು ಅಂದರೆ ಕೊಟ್ಟಿಗೆ ಕಡೆ, ಇಲ್ಲ ಸ್ಯಾಂಪಲ್ ತೆಗೆದ ರೀತಿ ಕಡೆ ನೋಡಬೇಕು. ಎಲ್ಲರದು ಅಂದರೆ ಮಷೀನ್ ಅಥವಾ ತಕ್ಕಡಿ. ಒಂದೇ ಹೊತ್ತಿನಲ್ಲಿ ಒಬ್ಬರದು ಮಾತ್ರ ಅಂದರೆ ಮುಕ್ಕಾಲು ಪಾಲು ಸಲ ಸದಸ್ಯರ ಕೋಡ್ ನಂಬರ್ ತಪ್ಪಾಗಿ ಒತ್ತಿರುವುದು. ಹಿಂದಿನ ಹತ್ತು ಹೊತ್ತಿನ ಪಟ್ಟಿ ತೆಗೆದು ಕಣ್ಣಾಡಿಸಿದರೆ ಐದು ನಿಮಿಷದಲ್ಲಿ ಉತ್ತರ ಸಿಗುತ್ತದೆ, ಖರ್ಚೂ ಇಲ್ಲ.

"ನಂದೊಬ್ಬಂದೇ ಫ್ಯಾಟ್ ಇಳಿದೋಗಿದೆ"

ಮೊದಲು ಹೊತ್ತು ನೋಡಿ. ಬೆಳಿಗ್ಗೆಯ ಹಾಲಿಗೂ ಸಂಜೆಯ ಹಾಲಿಗೂ ಫ್ಯಾಟ್ ಬೇರೆ ಬೇರೆ ಇರುವುದು ಸಹಜ. ಸಂಜೆ ನಾಲ್ಕಕ್ಕೆ ಕರೆದು ಬೆಳಿಗ್ಗೆ ಆರಕ್ಕೆ ಮತ್ತೆ ಕರೆದರೆ ನಡುವೆ ಹದಿನಾಲ್ಕು ಗಂಟೆ. ಅಷ್ಟು ಹೊತ್ತು ಕೆಚ್ಚಲಲ್ಲಿ ನಿಂತ ಹಾಲು ಜಾಸ್ತಿ, ಫ್ಯಾಟ್ ಕಡಿಮೆ. ಸಂಜೆಗೆ ಹತ್ತೇ ಗಂಟೆ ಅಂತರ, ಹಾಲು ಕಡಿಮೆ, ಫ್ಯಾಟ್ ಜಾಸ್ತಿ. ಹಾಗಾಗಿ ನಿನ್ನೆ ಸಂಜೆಯ 4.4 ಹಿಡಿದುಕೊಂಡು ಇವತ್ತು ಬೆಳಿಗ್ಗೆಯ 3.6 ಯಾಕೆ ಅಂತ ಕೇಳಿದರೆ ಅದು ತಪ್ಪು ಹೋಲಿಕೆ. ಬೆಳಿಗ್ಗೆಯನ್ನು ಹಿಂದಿನ ಬೆಳಿಗ್ಗೆ ಜೊತೆ ಇಟ್ಟು ನೋಡಬೇಕು.

ಬೆಳಿಗ್ಗೆಗೆ ಬೆಳಿಗ್ಗೆ ಹೋಲಿಸಿದರೂ ಇಳಿದಿದೆ ಅನ್ನಿ. ಆಗ ಕ್ಯಾನ್ ಕಡೆ ಬನ್ನಿ. ಮನೆಯಿಂದ ಡೇರಿಗೆ ಬರುವಷ್ಟರಲ್ಲಿ, ಸರದಿಯಲ್ಲಿ ನಿಲ್ಲುವಷ್ಟರಲ್ಲಿ ಕೆನೆ ಮೇಲೆ ಬರಲು ಶುರುವಾಗಿರುತ್ತದೆ. ಕಲಕದೆ ಮೇಲಿನಿಂದ ಸ್ಯಾಂಪಲ್ ತೆಗೆದರೆ ಜಾಸ್ತಿ ತೋರಿಸುತ್ತದೆ, ಹಾಲು ಸುರಿದು ತಳದಲ್ಲಿ ಉಳಿದದ್ದರಿಂದ ತೆಗೆದರೆ ಏನು ಬೇಕಾದರೂ ತೋರಿಸಬಹುದು. ಅದೇ ಹಾಲನ್ನು ಪಾತ್ರೆಯಿಂದ ಪಾತ್ರೆಗೆ ಎರಡು ಸಲ ಸುರಿದು, ಮೇಲಿಂದ ಕೆಳಗೆ ಚೆನ್ನಾಗಿ ಕಲಕಿ, ಇನ್ನೊಂದು ಸ್ಯಾಂಪಲ್ ತೆಗೆಯಿರಿ. ಮೊದಲನೆಯದಕ್ಕೂ ಎರಡನೆಯದಕ್ಕೂ ತುಂಬಾ ವ್ಯತ್ಯಾಸ ಬಂದರೆ ದೋಷ ನಿಮ್ಮ ಕೈಯದು, ರೈತನ ಹಾಲಿನದಲ್ಲ. ಸರದಿ ಉದ್ದ ಇದ್ದಾಗ ಎಲ್ಲರೂ ಮಾಡುವ ತಪ್ಪು ಇದು, ನಾನೂ ಮಾಡಿದ್ದೇನೆ.

ಇಲ್ಲಿಗೂ ಸಿಗದಿದ್ದರೆ ಫ್ಯಾಟ್ ಮತ್ತು ಎಸ್‌ಎನ್‌ಎಫ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎಸ್‌ಎನ್‌ಎಫ್ ಅಂದರೆ ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಗಟ್ಟಿ ಅಂಶ. ನಮ್ಮ ಕಡೆ ರೈತರು ಇದನ್ನೂ ಲ್ಯಾಕ್ಟೋಮೀಟರ್ ಓದನ್ನೂ ಒಟ್ಟಿಗೆ ಸೇರಿಸಿ "ಡಿಗ್ರಿ ಬರ್ತಿಲ್ಲ" ಅಂತಾರೆ. ಎರಡೂ ಒಂದೇ ಅನುಪಾತದಲ್ಲಿ ಇಳಿದಿದ್ದರೆ ನೀರು ಸೇರಿದೆ. ಫ್ಯಾಟ್ 4.0, ಎಸ್‌ಎನ್‌ಎಫ್ 8.5 ಬರುತ್ತಿದ್ದ ಹಾಲಿನ ಒಂಬತ್ತು ಲೀಟರಿಗೆ ಒಂದು ಲೀಟರ್ ನೀರು ಬೆರೆತರೆ 3.6 ಮತ್ತು 7.65 ಆಗುತ್ತದೆ. ಅದು ಬೇಕಂತಲೇ ಹಾಕಿದ್ದೇ ಆಗಬೇಕು ಅಂತೇನಿಲ್ಲ. ಕ್ಯಾನ್ ತೊಳೆದ ನೀರು ಬಗ್ಗಿಸದೆ ಹಾಗೇ ಹಾಲು ಕರೆದವರೂ ಇದ್ದಾರೆ, ಮೂರು ಲೀಟರ್ ಹಾಲಿಗೆ ಕಾಲು ಲೀಟರ್ ನೀರು ಅಂದರೆ ಸಣ್ಣದಲ್ಲ.

ಫ್ಯಾಟ್ ಮಾತ್ರ ಇಳಿದು ಎಸ್‌ಎನ್‌ಎಫ್ ಹಾಗೇ ಇದ್ದರೆ ನೀರಲ್ಲ. ಪೂರ್ತಿ ಕರೆಯದೆ ಬಿಟ್ಟಿರಬಹುದು. ಹಸು ಮೊದಲು ಕೊಡುವ ಹಾಲು ತೆಳು, ಕೊನೆಯ ಹಾಲಿನಲ್ಲೇ ಕೊಬ್ಬು ಇರುವುದು. ಆ ಕೊನೆಯದನ್ನು ಕರುವಿಗೆ ಬಿಟ್ಟರೆ ಡೇರಿಗೆ ಬರುವುದು ತೆಳು ಹಾಲು. ಕರುವಿಗೆ ಮೊದಲು ಒಂದಿಷ್ಟು ಕುಡಿಸಿ, ಕೊನೆತನಕ ಕರೆಯಲು ಹೇಳಿ ನೋಡಿ. ಇನ್ನೊಂದು ಕಾರಣ ಮೇವು. ಮುಂಗಾರು ಹಿಡಿದು ಎಳೆ ಹುಲ್ಲು ಸಿಕ್ಕ ಕೂಡಲೇ ರಾಗಿ ಹುಲ್ಲು ಹಾಕುವುದನ್ನು ನಿಲ್ಲಿಸಿಬಿಡುತ್ತಾರೆ. ನಾರು ಕಡಿಮೆಯಾದರೆ ಹಾಲಿನ ಕೊಬ್ಬಿಗೆ ಬೇಕಾದ ಅಂಶ ಹೊಟ್ಟೆಯಲ್ಲಿ ತಯಾರಾಗುವ ಕೆಲಸ ಕುಂಟುತ್ತದೆ, ಹಾಲು ಮಾತ್ರ ಚೆನ್ನಾಗೇ ಬರುತ್ತಿರುತ್ತದೆ. ಹಿಂಡಿ, ಫೀಡ್ ಜಾಸ್ತಿ ಹಾಕಿದರೂ ಇದೇ ಕಥೆ. ಒಣಹುಲ್ಲು ಮತ್ತೆ ಶುರು ಮಾಡಿದರೆ ಕೆಲವು ದಿನದಲ್ಲಿ ಫ್ಯಾಟ್ ಏರುತ್ತದೆ, ಮರುದಿನವೇ ಅಲ್ಲ.

ಎಸ್‌ಎನ್‌ಎಫ್ ಇಳಿದು, ಹಾಲೂ ಕಡಿಮೆಯಾಗಿ, ಹಾಲಿನಲ್ಲಿ ಸಣ್ಣ ಗಡ್ಡೆ ಅಥವಾ ನೀರು ನೀರಾದ ಬಣ್ಣ ಕಂಡರೆ, ಕೆಚ್ಚಲು ಬಿಸಿ ಇದ್ದರೆ ಡೇರಿಯ ಕೆಲಸ ಅಲ್ಲಿಗೆ ಮುಗಿಯಿತು. ಅದು ಕೆಚ್ಚಲು ಬಾವು ಇರಬಹುದು. ಆ ಹಾಲನ್ನು ಉಳಿದ ಹಾಲಿನ ಜೊತೆ ಸುರಿಯಬೇಡಿ, ಅವತ್ತೇ ಪಶು ವೈದ್ಯರನ್ನು ಕರೆಸಲು ಹೇಳಿ. ಔಷಧಿ ಕೊಟ್ಟ ಮೇಲೆ ವೈದ್ಯರು ಹೇಳಿದಷ್ಟು ದಿನ ಆ ಹಸುವಿನ ಹಾಲು ಡೇರಿಗೆ ಬರಬಾರದು.

ಇನ್ನೊಂದು ಮಾತು. ನೀರು ಸೇರಿದೆ ಅಂತ ಅನುಮಾನ ಬಂದರೂ ಸರದಿಯಲ್ಲಿ ನಿಂತ ಹತ್ತು ಜನರ ಮುಂದೆ ಹೇಳಬೇಡಿ. ಆ ಮನೆಯವರ ಎದುರಿಗೇ ಎರಡನೇ ಸ್ಯಾಂಪಲ್ ತೆಗೆದು, ಅವರಿಗೇ ಓದು ತೋರಿಸಿ. ಅರ್ಧ ಸಮಸ್ಯೆ ಅಲ್ಲೇ ತಣ್ಣಗಾಗುತ್ತದೆ.

"ಇವತ್ತು ಊರಿಗೂರಿಗೇ ಫ್ಯಾಟ್ ಇಲ್ಲ"

ಊರಿನ ಹಸುಗಳೆಲ್ಲ ಮಾತಾಡಿಕೊಂಡು ಒಂದೇ ದಿನ ಫ್ಯಾಟ್ ಇಳಿಸುವುದಿಲ್ಲ. ಎಲ್ಲರದೂ ಒಂದೇ ಪ್ರಮಾಣದಲ್ಲಿ ಇಳಿದರೆ ಅಥವಾ ಏರಿದರೆ ಮಷೀನೇ ಕಾರಣ. ಏರಿದಾಗ ಯಾರೂ ದೂರು ಕೊಡುವುದಿಲ್ಲ ಅನ್ನುವುದನ್ನು ಮರೆಯಬೇಡಿ! ಆ ನಷ್ಟ ಸಂಘದ ತಲೆಗೆ ಬರುತ್ತದೆ, ಸಂಘದಿಂದ ಹಾಲು ಕೊಳ್ಳುವ ಒಕ್ಕೂಟದ ಬಿಲ್ ಬಂದ ಮೇಲೆ ಗೊತ್ತಾಗುತ್ತದೆ.

ಸಂಘಗಳಲ್ಲಿ ಈಗ ಜಾಸ್ತಿ ಇರುವುದು ಶಬ್ದದ ಅಲೆ ಹಾಯಿಸಿ ಹಾಲನ್ನು ಅಳೆಯುವ ಅನಲೈಸರ್. ಇದಕ್ಕೆ ಗಾಳಿ ಆಗಿಬರುವುದಿಲ್ಲ. ಈಗಷ್ಟೇ ಕರೆದ, ನೊರೆ ತುಂಬಿದ ಹಾಲಿನಲ್ಲಿ ಸಣ್ಣ ಗುಳ್ಳೆ ಇರುತ್ತವೆ, ಓದು ಕುಣಿಯುತ್ತದೆ. ಆದ್ದರಿಂದ ಮೊದಲ ಪರೀಕ್ಷೆ ಇದು: ಒಂದೇ ಸ್ಯಾಂಪಲ್ಲನ್ನು, ನೊರೆ ಇಳಿದ ಮೇಲೆ, ಮೂರು ಸಲ ಹಾಕಿ ನೋಡಿ. ಮೂರೂ ಓದು 0.1ರ ಒಳಗೆ ಇದ್ದರೆ ಮಷೀನ್ ಸ್ಥಿರವಾಗಿದೆ. 3.4, 3.9, 3.6 ಅಂತ ಕುಣಿದರೆ ಒಳಗೆ ಗಾಳಿ ಇದೆ, ಇಲ್ಲ ಕೊಳವೆ ಕೊಳೆಯಾಗಿದೆ.

ಆಮೇಲೆ ಶುದ್ಧ ನೀರು ಹಾಕಿ. ಫ್ಯಾಟ್ ಸೊನ್ನೆ ಅಥವಾ ಅದರ ಹತ್ತಿರ ಬರಬೇಕು. ಬರಲಿಲ್ಲ ಅಂದರೆ ಹಿಂದಿನ ಹೊತ್ತಿನ ಹಾಲಿನ ಪಸೆ ಒಳಗೆ ಉಳಿದಿದೆ. ಕರೆಂಟ್ ಹೋಯಿತು ಅಂತ ತೊಳೆಯದೆ ಬೀಗ ಹಾಕಿಕೊಂಡು ಹೋದ ಸಂಜೆಯ ಮರುದಿನ ಇದು ಗ್ಯಾರಂಟಿ. ತಯಾರಕರು ಕೊಟ್ಟ ತೊಳೆಯುವ ದ್ರಾವಣವನ್ನು ಅವರು ಹೇಳಿದ ಪ್ರಮಾಣದಲ್ಲಿ ಹಾಯಿಸಿ, ನಂತರ ಉಗುರು ಬೆಚ್ಚಗಿನ ನೀರು ಹಾಯಿಸಿ. ಹುಳಿ ಬಂದ ಹಾಲು ಒಳಗೆ ಹೋಗಿ ಒಡೆದಿದ್ದರೆ ಒಂದು ಸಲಕ್ಕೆ ಬಿಡುವುದಿಲ್ಲ, ಎರಡು ಮೂರು ಸಲ ಬೇಕಾಗುತ್ತದೆ. ತಂತಿ ಹಾಕಿ ಕೊಳವೆ ಚುಚ್ಚಬೇಡಿ, ಒಳಗಿನ ಸೆನ್ಸರ್ ಹಾಳಾದರೆ ಸಾವಿರಗಟ್ಟಲೆ ಖರ್ಚು.

ಮೂರನೆಯದು ತುಂಬಾ ಸಣ್ಣದು, ಆದರೆ ನನ್ನನ್ನು ಒಂದು ಬೆಳಿಗ್ಗೆ ಪೂರ್ತಿ ಅಲೆಸಿತ್ತು. ಮಷೀನಿನಲ್ಲಿ ಹಸು, ಎಮ್ಮೆ ಅಂತ ಬೇರೆ ಬೇರೆ ಆಯ್ಕೆ ಇರುತ್ತದೆ. ಹಿಂದಿನ ಸಂಜೆ ಯಾರೋ ಎಮ್ಮೆ ಹಾಲು ತಂದಿದ್ದರು, ಆಯ್ಕೆ ಬದಲಿಸಿದವನು ವಾಪಸ್ ಹಾಕಲು ಮರೆತಿದ್ದ. ಮರುದಿನ ಹಸುವಿನ ಹಾಲೆಲ್ಲ ಎಮ್ಮೆ ಲೆಕ್ಕದಲ್ಲಿ ಅಳತೆಯಾಗಿ ಓದು ಅಡ್ಡಾದಿಡ್ಡಿ. ನಾನು ತೊಳೆದಿದ್ದೇ ತೊಳೆದಿದ್ದು. ಮೂಲೆಯಲ್ಲಿದ್ದ ಒಂದು ಅಕ್ಷರ ನೋಡಿರಲಿಲ್ಲ.

ಇಷ್ಟೆಲ್ಲ ಆದ ಮೇಲೂ ಓದು ಸ್ಥಿರವಾಗಿದೆ, ನೀರಿಗೆ ಸೊನ್ನೆ ಬರುತ್ತಿದೆ, ಆದರೂ ಎಲ್ಲರದೂ 0.3 ಕಡಿಮೆ ಅನಿಸಿದರೆ ಕ್ಯಾಲಿಬ್ರೇಶನ್, ಅಂದರೆ ಮಷೀನಿನ ಅಳತೆಯ ಹೊಂದಿಕೆ, ಜಾರಿರಬಹುದು. ಅದನ್ನು ಖಚಿತಪಡಿಸಲು ಆಸಿಡ್ ಹಾಕಿ ಕೊಬ್ಬು ಬೇರೆ ಮಾಡಿ ಅಳೆಯುವ ಗರ್ಬರ್ ಪರೀಕ್ಷೆ ಮಾಡಬೇಕು. ಬ್ಯುಟಿರೋಮೀಟರ್ ಅನ್ನುವ ಅಳತೆ ಗೆರೆಯ ಗಾಜಿನ ಬಾಟಲಿಗೆ ಮೊದಲು 10 ಎಂಎಲ್ ಗರ್ಬರ್ ಆಸಿಡ್, ಅದರ ಮೇಲೆ ನಿಧಾನವಾಗಿ ಬದಿಯಿಂದ 10.75 ಎಂಎಲ್ ಹಾಲು, ಕೊನೆಗೆ 1 ಎಂಎಲ್ ಅಮೈಲ್ ಆಲ್ಕೋಹಾಲ್. ಬಿರಡೆ ಭದ್ರ ಮಾಡಿ, ದಪ್ಪ ಬಟ್ಟೆಯಲ್ಲಿ ಸುತ್ತಿ, ಬಿಳಿ ಚೂರು ಕರಗುವ ತನಕ ಅಲುಗಾಡಿಸಿ, 5 ನಿಮಿಷ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, 65 ಡಿಗ್ರಿ ಬಿಸಿನೀರಿನಲ್ಲಿ 5 ನಿಮಿಷ ಇಟ್ಟು ಓದಬೇಕು. ಕೊಬ್ಬಿನ ಕಂಬ ತಿಳಿ ಹಳದಿಯಾಗಿ ಸ್ವಚ್ಛವಾಗಿದ್ದರೆ ಆ ಓದು ನಂಬಬಹುದು. ಕಂಬದ ಕೆಳಗೆ ಕಪ್ಪು ಕಣ ಕಂಡರೆ ಆಸಿಡ್ ಜಾಸ್ತಿ ಕಡಕ್ ಆಗಿದೆ, ಕೊಬ್ಬು ಸುಟ್ಟಿದೆ. ಬಿಳಿ ಚೂರು ಉಳಿದಿದ್ದರೆ ಆಸಿಡ್ ಸಪ್ಪೆ ಅಥವಾ ಸರಿಯಾಗಿ ಅಲುಗಾಡಿಸಿಲ್ಲ. ಎರಡೂ ಸಂದರ್ಭದಲ್ಲಿ ಆ ಓದನ್ನು ಬಿಸಾಕಿ, ಮತ್ತೆ ಮಾಡಿ.

ಇಲ್ಲಿ ಹುಷಾರು. ಅದು 90 ಪರ್ಸೆಂಟ್ ಆಸುಪಾಸಿನ ಸಲ್ಫ್ಯೂರಿಕ್ ಆಸಿಡ್. ಹಾಲು ಸೇರಿದ ಕೂಡಲೇ ಬಾಟಲಿ ಕೈಗೆ ಹಿಡಿಯಲಾಗದಷ್ಟು ಕಾಯುತ್ತದೆ, ಬಿರಡೆ ಸಡಿಲ ಇದ್ದರೆ ಮುಖಕ್ಕೆ ಚಿಮ್ಮುತ್ತದೆ. ಬಿರಡೆ ಇರುವ ಕಡೆಯನ್ನು ನಿಮ್ಮ ಕಡೆಗಾಗಲಿ ಪಕ್ಕದವರ ಕಡೆಗಾಗಲಿ ತಿರುಗಿಸಬೇಡಿ. ಕನ್ನಡಕ, ಕೈಗವಸು ಇಲ್ಲದೆ ಮಾಡಬೇಡಿ. ಬಾಯಿಂದ ಆಸಿಡ್ ಎಳೆಯುವ ಹಳೇ ಅಭ್ಯಾಸ ಇನ್ನೂ ಕೆಲವು ಕಡೆ ಇದೆ, ದಯವಿಟ್ಟು ಬೇಡ. ಚೆಲ್ಲುವಾಗ ತುಂಬಾ ನೀರಿಗೆ ಆಸಿಡ್ ನಿಧಾನ ಹಾಕಬೇಕು, ಆಸಿಡ್ ಮೇಲೆ ನೀರು ಸುರಿಯಬಾರದು. ಮೈಗೆ, ಕಣ್ಣಿಗೆ ಬಿದ್ದರೆ ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆದು ನೇರ ಆಸ್ಪತ್ರೆಗೆ. ಈ ಪರೀಕ್ಷೆ ಕಲಿಯದೇ ಇದ್ದವರು ಮಾಡಲೇಬೇಡಿ, ಅದೇ ಹಾಲಿನ ಸ್ಯಾಂಪಲ್ ಒಕ್ಕೂಟದ ವಿಸ್ತರಣಾಧಿಕಾರಿಗೆ ಕೊಟ್ಟು ಪರೀಕ್ಷೆ ಮಾಡಿಸಿ.

ಗರ್ಬರಿನಲ್ಲಿ 3.9, ಮಷೀನಿನಲ್ಲಿ 3.6. ಒಂದೇ ಸ್ಯಾಂಪಲ್ಲಿಗೆ ಹೀಗಾದರೆ ಸಾಲದು, ನಾಲ್ಕೈದು ಬೇರೆ ಬೇರೆ ಮನೆಯ ಹಾಲಿಗೂ ಇದೇ ಅಂತರ ಬಂದರೆ ಕ್ಯಾಲಿಬ್ರೇಶನ್ ಹೋಗಿದೆ ಅಂತ ಅರ್ಥ. ನೀವೇ ಒಳಗೆ ಹೋಗಿ 0.3 ಕೂಡಿಸಿ ಸರಿ ಮಾಡಬೇಡಿ. ಮಷೀನ್ ಸರ್ವೀಸ್ ಮಾಡುವವರನ್ನು ಕರೆಸಿ. ನಾಳೆ ಆಡಿಟ್‌ನಲ್ಲಿ ಯಾರು, ಯಾವಾಗ, ಯಾಕೆ ಬದಲಿಸಿದರು ಅನ್ನುವುದಕ್ಕೆ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ.

"ಫ್ಯಾಟ್ ಸರಿ ಇದೆ, ಎಸ್‌ಎನ್‌ಎಫ್ ಮಾತ್ರ ಬರ್ತಿಲ್ಲ"

ಲ್ಯಾಕ್ಟೋಮೀಟರ್ ಬಳಸುವ ಕಡೆ ಇದು ಜಾಸ್ತಿ. ಹಾಲು ಬಿಸಿ ಇದ್ದಷ್ಟೂ ಲ್ಯಾಕ್ಟೋಮೀಟರ್ ಮುಳುಗುತ್ತದೆ, ಓದು ಕಡಿಮೆ ಬರುತ್ತದೆ. 27 ಡಿಗ್ರಿಗೆ ಮಾಡಿದ ಲ್ಯಾಕ್ಟೋಮೀಟರನ್ನು 35 ಡಿಗ್ರಿಯ ಹಸಿ ಹಾಲಿನಲ್ಲಿ ಬಿಟ್ಟು ತಿದ್ದದೇ ಬರೆದರೆ ಲ್ಯಾಕ್ಟೋಮೀಟರ್ ಓದನ್ನು ಸುಮಾರು ಒಂದೂವರೆಯಷ್ಟು ಕಡಿಮೆ ಬರೆದ ಹಾಗೆ. ಅದು ಎಸ್‌ಎನ್‌ಎಫ್‌ನಲ್ಲಿ 0.4ರ ಹತ್ತಿರ. ಹಾಲು ತಣಿಯಲಿ, ನೊರೆ ಇಳಿಯಲಿ, ಆಮೇಲೆ ಓದಿ.

ಅದೂ ಸರಿ ಇದ್ದರೆ ಸಾಫ್ಟ್‌ವೇರಿನ ಸೂತ್ರ ನೋಡಿ. ಲ್ಯಾಕ್ಟೋಮೀಟರ್ ಓದಿನಿಂದ ಎಸ್‌ಎನ್‌ಎಫ್ ತೆಗೆಯಲು ಒಂದೇ ಸೂತ್ರ ಎಲ್ಲ ಕಡೆ ಇಲ್ಲ. ಈ ಎರಡೂ ಚಾಲ್ತಿಯಲ್ಲಿವೆ, CLR ಅಂದರೆ ಹಾಲಿನ ಬಿಸಿಗೆ ತಕ್ಕ ಹಾಗೆ ತಿದ್ದಿದ ಲ್ಯಾಕ್ಟೋಮೀಟರ್ ಓದು:

```
SNF = CLR/4 + 0.21*FAT + 0.36
SNF = CLR/4 + 0.25*FAT + 0.44
```

ಓದು 28, ಫ್ಯಾಟ್ 4.0 ಇದ್ದರೆ ಮೊದಲನೆಯದು 8.20 ಕೊಡುತ್ತದೆ, ಎರಡನೆಯದು 8.44. ಅದೇ ಹಾಲು, ಅದೇ ಮನುಷ್ಯ, 0.24 ವ್ಯತ್ಯಾಸ. ಸಾಫ್ಟ್‌ವೇರ್ ಹೊಸದಾಗಿ ಹಾಕಿದ ದಿನದಿಂದಲೇ ಎಲ್ಲರ ಎಸ್‌ಎನ್‌ಎಫ್ ಬದಲಾಗಿದ್ದರೆ ಇದೇ ಇರಬೇಕು. ನಿಮ್ಮ ಒಕ್ಕೂಟ ಯಾವುದನ್ನು ಹೇಳಿದೆಯೋ ಅದನ್ನೇ ಹಾಕಿಸಿ, ಯಾವುದು ರೈತನಿಗೆ ಲಾಭ ಅಂತ ಆರಿಸಲು ಹೋಗಬೇಡಿ.

"ಟ್ಯಾಂಕರ್‌ಗೆ ಹಾಕುವಾಗ ದಿನಾ ಹಾಲು ಕಡಿಮೆ"

ಸ್ವಲ್ಪ ಕಡಿಮೆ ಯಾವಾಗಲೂ ಇರುತ್ತದೆ. ಸ್ಯಾಂಪಲ್‌ಗೆ ಹೋಗುತ್ತದೆ, ಕ್ಯಾನಿಗೆ ಅಂಟುತ್ತದೆ, ಊರಿನಲ್ಲೇ ಒಂದಿಷ್ಟು ಮಾರಾಟ ಆಗುತ್ತದೆ. ಊರಿನ ಮಾರಾಟ ಬರೆದಿದ್ದೀರಾ ಅಂತ ಮೊದಲು ನೋಡಿ. ಬರೆದ ಮೇಲೂ ದಿನಾ, ತಪ್ಪದೆ, ನೂರಕ್ಕೆ ಮೂರರ ಹತ್ತಿರ ಕಡಿಮೆ ಬರುತ್ತಿದ್ದರೆ ಕಳ್ಳನನ್ನು ಹುಡುಕಬೇಡಿ. ಮೂರು ಅನ್ನುವುದೇ ಸುಳಿವು.

ಒಂದು ಲೀಟರ್ ಹಾಲಿನ ತೂಕ ಸುಮಾರು 1.03 ಕೆಜಿ. ತಕ್ಕಡಿ ಕೆಜಿ ತೋರಿಸುತ್ತಿದೆ, ಸಾಫ್ಟ್‌ವೇರ್ ಅದನ್ನೇ ಲೀಟರ್ ಅಂತ ಬರೆದುಕೊಳ್ಳುತ್ತಿದೆ ಅನ್ನಿ. 400 ಲೀಟರ್ ಹಾಲು 412 ಲೀಟರ್ ಅಂತ ದಾಖಲಾಗುತ್ತದೆ. ಸಂಘ ರೈತರಿಗೆ 412ಕ್ಕೆ ದುಡ್ಡು ಕೊಡುತ್ತದೆ, ಒಕ್ಕೂಟ ಸಂಘಕ್ಕೆ 400ಕ್ಕೆ ಕೊಡುತ್ತದೆ. ಲೀಟರಿಗೆ 36 ರೂಪಾಯಿ ಅಂತ ಇಟ್ಟುಕೊಂಡರೂ ಒಂದು ಹೊತ್ತಿಗೆ 432 ರೂಪಾಯಿ, ಎರಡು ಹೊತ್ತು ಹದಿನೈದು ದಿನಕ್ಕೆ 12,960 ರೂಪಾಯಿ ಸಂಘದ ಕೈಯಿಂದ. ನಾನು ಕೆಲಸ ಮಾಡುವಾಗ ತಕ್ಕಡಿ ಬದಲಿಸಿದ ಒಂದು ಬಟವಾಡೆಯಲ್ಲಿ ಥೇಟ್ ಹೀಗೇ ಆಯಿತು. ಆ ಹದಿನೈದು ದಿನ ರೈತರೆಲ್ಲ ಹೊಸ ತಕ್ಕಡಿಯನ್ನು ಹೊಗಳುತ್ತಿದ್ದರು. ನನಗೆ ಅನುಮಾನ ಬರಬೇಕಿತ್ತು.

ಪರೀಕ್ಷೆ ಸುಲಭ. ಮುದ್ರೆ ಇರುವ 20 ಕೆಜಿ ತೂಕದ ಬಟ್ಟು ತಂದು ತಕ್ಕಡಿ ಮೇಲೆ ಇಡಿ, ಪರದೆಯಲ್ಲೂ ಕಂಪ್ಯೂಟರಿನಲ್ಲೂ ಏನು ಬಂತು ನೋಡಿ. ಎರಡರಲ್ಲೂ 20.00 ಬಂದರೆ ಎಲ್ಲೂ ಲೀಟರಿಗೆ ತಿರುಗಿಸುತ್ತಿಲ್ಲ, ಕೆಜಿಯೇ ದಾಖಲಾಗುತ್ತಿದೆ. ಕಂಪ್ಯೂಟರಿನಲ್ಲಿ 19.42 ಬಂದರೆ ಒಂದು ಸಲ 1.03ರಿಂದ ಭಾಗಿಸಿದೆ, ಸರಿ ಇದೆ. 18.85 ಬಂದರೆ ತಕ್ಕಡಿಯೂ ಭಾಗಿಸಿದೆ, ಸಾಫ್ಟ್‌ವೇರೂ ಭಾಗಿಸಿದೆ. ಆಗ ನಷ್ಟ ರೈತನಿಗೆ, ಟ್ಯಾಂಕರ್‌ಗೆ ಹಾಕುವಾಗ ಹಾಲು ಮಿಗುತ್ತದೆ. ದಿನಾ ಹಾಲು ಮಿಗುವ ಡೇರಿ ಒಳ್ಳೆಯ ಡೇರಿ ಅಲ್ಲ ಕಣ್ರೀ.

20.00 ಬರಬೇಕಾದ ಕಡೆ 19.80, 20.15 ಅಂತ ಬಂದರೆ ಅದು ಬೇರೆ ಸಮಸ್ಯೆ, ತಕ್ಕಡಿಯೇ ಕೆಟ್ಟಿದೆ. ಮೊದಲು ಸಮತಟ್ಟಾಗಿ ನಿಂತಿದೆಯಾ, ಗೋಡೆಗೆ ತಾಗಿದೆಯಾ, ತಟ್ಟೆ ಕೆಳಗೆ ಏನಾದರೂ ಸಿಕ್ಕಿಕೊಂಡಿದೆಯಾ ನೋಡಿ. ಅಷ್ಟೂ ಸರಿ ಇದ್ದರೆ ಅಲ್ಲಿಗೆ ನಿಲ್ಲಿಸಿ. ಸೀಲ್ ಒಡೆದು ಒಳಗೆ ತಿದ್ದುವುದು ಕಾನೂನಿಗೆ ವಿರುದ್ಧ. ಲೈಸೆನ್ಸ್ ಇರುವ ರಿಪೇರಿಯವರಿಂದ ಸರಿ ಮಾಡಿಸಿ, ಮತ್ತೆ ಮುದ್ರೆ ಹಾಕಿಸಬೇಕು. ಒದ್ದೆ ನೆಲದಲ್ಲಿ ನಿಂತು ಪ್ಲಗ್ ಮುಟ್ಟಬೇಡಿ. ತಕ್ಕಡಿ ಮುಟ್ಟಿದರೆ ಜುಮ್ ಅಂದರೆ ಅರ್ಥಿಂಗ್ ಇಲ್ಲ, ಎಲೆಕ್ಟ್ರಿಷಿಯನ್ ಬರುವ ತನಕ ಕರೆಂಟ್ ತೆಗೆದು ಬಿಡಿ.

"ಚೀಟಿ ಲೆಕ್ಕ ಬೇರೆ, ಬಟವಾಡೆ ಬೇರೆ"

ಅತಿ ಹೆಚ್ಚು ಬರುವ ದೂರು ಇದೇ. ರೈತ ಹದಿನೈದು ದಿನದ ಚೀಟಿ ಜೋಡಿಸಿಕೊಂಡು ಬರುತ್ತಾನೆ, ಮಗಳು ಮೊಬೈಲಿನಲ್ಲಿ ಲೆಕ್ಕ ಹಾಕಿ ಕಳಿಸಿರುತ್ತಾಳೆ, "ನೋಡಣ್ಣ, 72 ರೂಪಾಯಿ ಕಮ್ಮಿ ಕೊಟ್ಟಿದೀಯ." ಆ 72 ಎಲ್ಲಿಂದ ಬಂತು ಅಂತ ನೋಡೋಣ. ದರ ನಾನು ಲೆಕ್ಕಕ್ಕೆ ಸುಲಭವಾಗಲಿ ಅಂತ ಇಟ್ಟುಕೊಂಡದ್ದು: ಫ್ಯಾಟ್ 3.5, ಎಸ್‌ಎನ್‌ಎಫ್ 8.5 ಇದ್ದರೆ ಲೀಟರಿಗೆ 35 ರೂಪಾಯಿ, ಫ್ಯಾಟ್ 0.1 ಏರಿದರೆ 30 ಪೈಸೆ ಜಾಸ್ತಿ.

ಬೆಳಿಗ್ಗೆ 8 ಲೀಟರ್, ಫ್ಯಾಟ್ 3.6. ದರ 35.30, ಮೊತ್ತ 282.40. ಸಂಜೆ 4 ಲೀಟರ್, ಫ್ಯಾಟ್ 4.4. ದರ 37.70, ಮೊತ್ತ 150.80. ಎರಡೂ ಸೇರಿ 433.20. ಎಸ್‌ಎನ್‌ಎಫ್ ಎರಡೂ ಹೊತ್ತು 8.5 ಅಂತಲೇ ಇರಲಿ.

ಮಗಳು ಮಾಡಿದ್ದೇನೆಂದರೆ 3.6 ಮತ್ತು 4.4 ಕೂಡಿಸಿ ಎರಡರಿಂದ ಭಾಗಿಸಿ 4.0 ಅಂದಳು. 4.0ಕ್ಕೆ ದರ 36.50. ಅದನ್ನು 12 ಲೀಟರಿಗೆ ಗುಣಿಸಿ 438 ಅಂದಳು. ದಿನಕ್ಕೆ 4 ರೂಪಾಯಿ 80 ಪೈಸೆ ಜಾಸ್ತಿ, ಹದಿನೈದು ದಿನಕ್ಕೆ 72. ತಪ್ಪು ಎಲ್ಲಿ ಅಂದರೆ, ಎಂಟು ಲೀಟರಿಗೂ ನಾಲ್ಕು ಲೀಟರಿಗೂ ಒಂದೇ ಬೆಲೆ ಕೊಟ್ಟು ಸರಾಸರಿ ತೆಗೆದದ್ದು. ತೆಳು ಹಾಲು ಎರಡರಷ್ಟಿದೆ, ಹಾಗಾಗಿ ಸರಾಸರಿ ತೆಳು ಹಾಲಿನ ಕಡೆಗೇ ವಾಲಬೇಕು. ಲೀಟರನ್ನು ಫ್ಯಾಟ್‌ಗೆ ಗುಣಿಸಿ ಕೂಡಿಸಿದರೆ 28.8 ಮತ್ತು 17.6 ಸೇರಿ 46.4. ಅದನ್ನು 12ರಿಂದ ಭಾಗಿಸಿದರೆ 3.87ರ ಹತ್ತಿರ. ಆ ಫ್ಯಾಟ್‌ಗೆ ದರ 36.10, ಹನ್ನೆರಡು ಲೀಟರಿಗೆ 433.20. ತಾಳೆ ಆಯಿತು.

ಇದನ್ನು ರೈತನ ಮುಂದೆ ಅವನ ಚೀಟಿಯ ಹಿಂದೆಯೇ ಬರೆದು ತೋರಿಸಿ. ಸುಮ್ನೆ "ಕಂಪ್ಯೂಟರ್ ಹಂಗೇ ಹೇಳ್ತದೆ" ಅಂದರೆ ಯಾರೂ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಇದೇ ತಪ್ಪನ್ನು ಸಂಘದವರೂ ಮಾಡುತ್ತಾರೆ. ನೂರು ಜನರ ಫ್ಯಾಟ್ ಕೂಡಿಸಿ ನೂರರಿಂದ ಭಾಗಿಸಿ, "ನಮ್ಮ ಸರಾಸರಿ 4.1, ಒಕ್ಕೂಟ 3.9 ಕೊಟ್ಟಿದೆ" ಅಂತ ಜಗಳಕ್ಕೆ ನಿಲ್ಲುತ್ತಾರೆ. ಎಕ್ಸೆಲ್ ಹಾಳೆಯ ಡಿ ಕಾಲಂನಲ್ಲಿ ಲೀಟರ್, ಇ ಕಾಲಂನಲ್ಲಿ ಫ್ಯಾಟ್ ಇದ್ದರೆ ಹದಿನೈದು ದಿನದ ಮೂವತ್ತು ಸಾಲಿಗೆ ಸರಿಯಾದ ಸರಾಸರಿ ಹೀಗೆ:

```
=SUMPRODUCT(D2:D31,E2:E31)/SUM(D2:D31)
```

ಸರಾಸರಿ ಸರಿ ಇದ್ದೂ ಮೊತ್ತ ತಾಳೆ ಆಗದಿದ್ದರೆ ಸಾಲು ಎಣಿಸಿ. ಹದಿನೈದು ದಿನಕ್ಕೆ, ಎರಡು ಹೊತ್ತೂ ಹಾಲು ಹಾಕಿದವನಿಗೆ ಮೂವತ್ತು ಸಾಲು ಇರಬೇಕು. ಇಪ್ಪತ್ತೊಂಬತ್ತು ಇದ್ದರೆ ಅವನ ಒಂದು ಹೊತ್ತು ಇನ್ಯಾರದ್ದೋ ಖಾತೆಗೆ ಹೋಗಿದೆ. ಕರೆಂಟ್ ಹೋಗಿ ಪುಸ್ತಕದಲ್ಲಿ ಬರೆದು ಆಮೇಲೆ ಕಂಪ್ಯೂಟರಿಗೆ ಏರಿಸಿದ ಸಂಜೆಗಳಲ್ಲಿ ಇದು ಆಗುತ್ತದೆ. ಒಂದು ಸಲ 47ನೇ ಕೋಡಿನ ಹಾಲು 74ಕ್ಕೆ ಹೋಗಿತ್ತು. 74ನೆಯವರ ಮನೆಯಲ್ಲಿ ಜರ್ಸಿ ಹಸು, ಯಾವಾಗಲೂ 4.5ರ ಮೇಲೆ. ಆ ಸಂಜೆ ಮಾತ್ರ ಅವರ ಹೆಸರಲ್ಲಿ ಎರಡು ಸಾಲು, ಒಂದು 4.7, ಇನ್ನೊಂದು 3.5. ಆ 3.5 ಅವರದಲ್ಲ ಅಂತ ನೋಡಿದ ಕೂಡಲೇ ಗೊತ್ತಾಯಿತು. ದಿನ, ಹೊತ್ತು, ಕೋಡ್ ಮೊದಲ ಮೂರು ಕಾಲಂನಲ್ಲಿ ಇದ್ದರೆ ಇಂಥ ಜೋಡಿ ಸಾಲು ಹಿಡಿಯಲು:

```
=COUNTIFS(A:A,A2,B:B,B2,C:C,C2)
```

ಒಂದಕ್ಕಿಂತ ಜಾಸ್ತಿ ಬಂದ ಸಾಲನ್ನೆಲ್ಲ ನೋಡಿ, ಆದರೆ ಕಣ್ಣು ಮುಚ್ಚಿ ಅಳಿಸಬೇಡಿ. ಎರಡು ಕ್ಯಾನ್ ತರುವ ಮನೆಗೆ ಎರಡು ಸಾಲು ಇರುವುದೇ ಸರಿ.

ಸಾಲು ಮೂವತ್ತೂ ಇವೆ, ಆದರೂ ಒಟ್ಟು ಲೀಟರ್ ಕಡಿಮೆ ಅನ್ನುವುದು ವಿಚಿತ್ರವಾಗಿ ಕಾಣುತ್ತದೆ. ಕೈಯಲ್ಲಿ ಟೈಪ್ ಮಾಡಿದ ಯಾವುದೋ ಒಂದು ಕೋಶದಲ್ಲಿ 8 ಅನ್ನುವುದು ಅಂಕಿಯಾಗಿಲ್ಲ, ಅಕ್ಷರವಾಗಿ ಕೂತಿರುತ್ತದೆ. ಕಣ್ಣಿಗೆ 8 ಅಂತಲೇ ಕಾಣುತ್ತದೆ, ಕೂಡುವಾಗ ಕಂಪ್ಯೂಟರ್ ಅದನ್ನು ಬಿಟ್ಟು ಮುಂದೆ ಹೋಗುತ್ತದೆ, ಹೇಳುವುದೂ ಇಲ್ಲ. ಪಕ್ಕದ ಕಾಲಂನಲ್ಲಿ `=ISNUMBER(D2)` ಹಾಕಿ ಕೆಳಗೆ ಎಳೆಯಿರಿ. FALSE ಬಂದ ಕಡೆ ಅಂಕಿ ಮತ್ತೆ ಟೈಪ್ ಮಾಡಿ.

ಎಲ್ಲರದೂ ಒಂದೇ ದಿನದಿಂದ ತಪ್ಪಿದ್ದರೆ ದರಪಟ್ಟಿ ನೋಡಿ. ಒಕ್ಕೂಟ ಒಂದನೇ ತಾರೀಖಿನಿಂದ ಹೊಸ ದರ ಅಂದಿರುತ್ತದೆ, ಮಷೀನಿಗೆ ಹೊಸ ಪಟ್ಟಿ ಏರಿಸುವಷ್ಟರಲ್ಲಿ ಎರಡನೇ ತಾರೀಖು ಸಂಜೆ. ಅಷ್ಟರಲ್ಲಿ ಮೂರು ಹೊತ್ತು ಹಳೇ ದರದಲ್ಲಿ ಚೀಟಿ ಹೋಗಿಬಿಟ್ಟಿದೆ. ಒಂದೇ ಫ್ಯಾಟ್, ಒಂದೇ ಎಸ್‌ಎನ್‌ಎಫ್ ಇರುವ ಎರಡು ಚೀಟಿ, ತಾರೀಖು ಬೇರೆ ಇರುವುದು ಹುಡುಕಿ ಪಕ್ಕದಲ್ಲಿಡಿ. ದರ ಬೇರೆ ಇದ್ದರೆ ಯಾವ ಹೊತ್ತಿನಿಂದ ಬದಲಾಗಿದೆ ಅಂತ ಅಲ್ಲೇ ಕಾಣುತ್ತದೆ.

ಇನ್ನು ಕಡಿತ. ಪಶು ಆಹಾರದ ಮೂಟೆ, ಹಿಂದಿನ ಬಾಕಿ ಹೀಗೆ. ಮೂಟೆ ಒಯ್ದವನು ಗಂಡ, ಹಾಲಿನ ಖಾತೆ ಹೆಂಡತಿ ಹೆಸರಲ್ಲಿ, ದೂರು ಕೊಡಲು ಬಂದವನು ಮಗ. ಸಹಿ ಇರುವ ಪುಸ್ತಕ ತೋರಿಸಿದರೆ ಮುಗಿಯಿತು. ಸರ್ಕಾರ ಲೀಟರಿಗೆ ಇಷ್ಟು ಅಂತ ಕೊಡುವ ಪ್ರೋತ್ಸಾಹಧನವನ್ನೂ ಜನ ಬಟವಾಡೆಯಲ್ಲಿ ಹುಡುಕುತ್ತಾರೆ. ಅದು ಸಂಘದ ಬಟವಾಡೆ ಜೊತೆ ಬರುವುದಿಲ್ಲ, ಬೇರೆಯಾಗಿ ನೇರ ಬ್ಯಾಂಕ್ ಖಾತೆಗೆ ಬರುತ್ತದೆ, ತಡವಾಗಿಯೂ ಬರುತ್ತದೆ. ಲೀಟರಿಗೆ ಸರಿಯಾಗಿ ಆ ಪ್ರೋತ್ಸಾಹಧನದಷ್ಟೇ ಕಡಿಮೆ ಅಂತ ಯಾರಾದರೂ ಬಂದರೆ ಬ್ಯಾಂಕ್ ಪಾಸ್‌ಬುಕ್ ತರಲು ಹೇಳಿ.

ತಪ್ಪು ಸಿಕ್ಕಿತು ಅಂತ ಹಳೇ ಸಾಲು ಅಳಿಸಿ ಹೊಸದು ಬರೆಯಬೇಡಿ. ರೈತನ ಕೈಯಲ್ಲಿ ಹಳೇ ಚೀಟಿ ಇದೆ, ನಿಮ್ಮ ಕಂಪ್ಯೂಟರಿನಲ್ಲಿ ಬೇರೆ ಅಂಕಿ ಇದ್ದರೆ ಕಳ್ಳರಾಗುವುದು ನೀವೇ. ಮೊದಲು ಫೈಲಿನ ಒಂದು ನಕಲು ಪೆನ್‌ಡ್ರೈವಿಗೆ ಹಾಕಿ. ಆಮೇಲೆ ಮುಂದಿನ ಬಟವಾಡೆಯಲ್ಲಿ ತಿದ್ದುಪಡಿ ಅಂತ ಬೇರೆ ಸಾಲು ಹಾಕಿ: 74ರಿಂದ ಇಷ್ಟು ಕಳೆದಿದೆ, 47ಕ್ಕೆ ಇಷ್ಟು ಸೇರಿಸಿದೆ, ಯಾವ ದಿನದ ಯಾವ ಹೊತ್ತಿನದು. ಇಬ್ಬರ ಸಹಿಯೂ ಪುಸ್ತಕದಲ್ಲಿ ಇರಲಿ. ತಕ್ಕಡಿಯ ತಪ್ಪಿನ ಹಾಗೆ ಎಲ್ಲ ಸದಸ್ಯರಿಂದ ವಾಪಸ್ ಪಡೆಯಬೇಕಾದ ಮೊತ್ತ ಇದ್ದರೆ ಕಾರ್ಯದರ್ಶಿ ಒಬ್ಬರೇ ತೀರ್ಮಾನ ಮಾಡುವ ವಿಷಯ ಅಲ್ಲ. ಆಡಳಿತ ಮಂಡಳಿ ಸಭೆಯಲ್ಲಿ ಇಟ್ಟು, ಠರಾವು ಬರೆಸಿ, ಒಕ್ಕೂಟದ ಮೇಲ್ವಿಚಾರಕರಿಗೆ ತಿಳಿಸಿ. ನಮ್ಮಲ್ಲಿ ಆ ತಕ್ಕಡಿಯ ಹಣವನ್ನು ನಾಲ್ಕು ಬಟವಾಡೆಯಲ್ಲಿ ಸ್ವಲ್ಪ ಸ್ವಲ್ಪ ಹಿಡಿದುಕೊಂಡೆವು. ಮೂರು ಮನೆಯವರು ಅಷ್ಟು ದಿನ ನನ್ನ ಜೊತೆ ಮಾತು ಬಿಟ್ಟಿದ್ದರು, ಹಾಲು ಮಾತ್ರ ದಿನಾ ತಂದು ಸುರಿಯುತ್ತಿದ್ದರು.